ಹೇಳಿದವರು ಯಾರು, ನೋಡಬೇಕಾದುದು ಎಲ್ಲಿ

ಅಡಿಟಿಪ್ಪಣಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪತ್ರಿಕಾ ವರದಿಯನ್ನು ಆಧಾರರಹಿತವೆಂದು ತಳ್ಳಿಹಾಕುವ ರೂಢಿ ನಮ್ಮ ವಿದ್ವತ್ ವಲಯದಲ್ಲಿ ಬಲವಾಗಿಯೇ ಇದೆ. ಇದಕ್ಕೆ ಎದುರಾಗಿ, ಒಬ್ಬರ ಹೆಸರನ್ನು ಬರೆದು ಒಂದು ಕೊಂಡಿಯನ್ನು ಹಾಕಿದರೆ ಆಧಾರ ಒದಗಿಸಿದಂತಾಯಿತೆಂಬ ಸಮಾಧಾನ ಪತ್ರಿಕಾ ಬರಹಗಾರರಲ್ಲಿದೆ. ಈ ಎರಡು ನಿಲುವುಗಳನ್ನೂ ನಾನು ಒಪ್ಪಲಾರೆ. ವರದಿಗಾರನು ಒಂದು ಮಾತಿನ ಹೊಣೆ ಯಾರದೆಂಬುದನ್ನು ಹೇಳುತ್ತಾನೆ. ವಿದ್ವಾಂಸನು ಆ ಮಾತನ್ನು ಓದುಗನು ತಾನೇ ಎಲ್ಲಿ ಹೋಗಿ ನೋಡಬಹುದೆಂಬುದನ್ನು ಹೇಳುತ್ತಾನೆ. ಇವು ಬೇರೆ ಬೇರೆ ಕರ್ತವ್ಯಗಳು. ಒಂದನ್ನು ಮಾಡಿ ಇನ್ನೊಂದನ್ನು ಮಾಡಿದೆನೆಂದುಕೊಳ್ಳುವಲ್ಲಿ ಅನರ್ಥ ಹುಟ್ಟುತ್ತದೆ. ನಮ್ಮ ಕಾಫಿ ಸೀಮೆಯ ನಿದರ್ಶನಗಳಿಂದಲೇ ಇದನ್ನು ತೋರಿಸಲು ಯತ್ನಿಸುತ್ತೇನೆ.

2019ರ ಜುಲೈ 29ರ ಸಂಜೆ ಕಾಫಿ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರು ಮಂಗಳೂರಿನ ಬಳಿ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. ಜುಲೈ 31ರಂದು ಅವರ ದೇಹ ದೊರೆಯಿತು. ಚಿಕ್ಕಮಗಳೂರು ಜಿಲ್ಲೆಯ ಚೇತನಹಳ್ಳಿ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು. ನಡುವಿನ ದಿನದಲ್ಲಿ ಒಂದು ಪತ್ರ ಹೊರಬಿತ್ತು. ಅದರ ಮೇಲೆ ಜುಲೈ 27ರ ತಾರೀಖಿತ್ತು. ಕಂಪನಿಯ ನಿರ್ದೇಶಕ ಮಂಡಳಿಗೂ ಕಾಫಿ ಡೇ ಪರಿವಾರಕ್ಕೂ ಬರೆದಂತಿತ್ತು. ತೆರಿಗೆ ಅಧಿಕಾರಿಯೊಬ್ಬರ ಕಿರುಕುಳದ ಆರೋಪವೂ ಹೂಡಿಕೆದಾರರೊಬ್ಬರ ಒತ್ತಡದ ಮಾತೂ ಅದರಲ್ಲಿದ್ದವು. ಅದೇ ದಿನ ಆದಾಯ ತೆರಿಗೆ ಇಲಾಖೆಯ ಕಡೆಯಿಂದ ಪ್ರತಿಕ್ರಿಯೆ ಬಂದಿತು: ಪತ್ರದಲ್ಲಿರುವ ಸಹಿ, ಕಂಪನಿಯ ವಾರ್ಷಿಕ ವರದಿಗಳಲ್ಲಿರುವ ಅವರ ಸಹಿಯೊಡನೆ ಹೊಂದುವುದಿಲ್ಲ ಎಂದು.

ಆ ಸಂಜೆ ವರದಿ ಬರೆಯಲು ಕುಳಿತವನ ಸ್ಥಿತಿಯನ್ನು ಊಹಿಸಿಕೊಳ್ಳಿರಿ. ಪತ್ರವು ನಿಜವೋ ಅಲ್ಲವೋ ಅವನಿಗೆ ತಿಳಿಯದು. ತಿಳಿಯುವವರೆಗೆ ಕಾಯುವ ಸ್ವಾತಂತ್ರ್ಯವೂ ಇಲ್ಲ. ಪತ್ರವನ್ನು ಬರೆದರೆನ್ನಲಾದ ವ್ಯಕ್ತಿ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ಇಂಥಲ್ಲಿ ಎಚ್ಚರವುಳ್ಳ ವರದಿಗಾರರು ಮಾಡಿದ್ದಿಷ್ಟೆ: ಸಿದ್ಧಾರ್ಥ ಅವರದೆನ್ನಲಾದ ಪತ್ರವೊಂದು ಇದೆಯೆಂಬುದು ಒಂದು ಸಂಗತಿ, ಅದರಲ್ಲಿ ಇಂಥ ಆರೋಪವಿದೆಯೆಂಬುದು ಮತ್ತೊಂದು, ಇಲಾಖೆ ಸಹಿಯನ್ನು ಪ್ರಶ್ನಿಸಿದೆಯೆಂಬುದು ಮೂರನೆಯದು ಎಂದು ಬಿಡಿಸಿ, ಪ್ರತಿಯೊಂದರ ಹೊಣೆಯನ್ನೂ ಅದರದರ ಒಡೆಯನ ಮೇಲೆ ಹೊರಿಸಿದರು. ಪತ್ರದ ಚಿತ್ರವನ್ನೂ ಪ್ರಕಟಿಸಿದರು. ಇದರಲ್ಲಿ ಸತ್ಯದ ತೀರ್ಪಿಲ್ಲ. ಯಾರು ಏನನ್ನು ಹೇಳಿ ಸಿಕ್ಕಿಕೊಂಡಿದ್ದಾರೆ ಎಂಬುದರ ದಾಖಲೆಯಿದೆ.

ಇದೇ ಪತ್ರವನ್ನು ಮುಂದೊಂದು ದಿನ ಪ್ರಬಂಧಕಾರನೊಬ್ಬನು ನಮ್ಮ ಕ್ರಮದಂತೆ "ಸಿದ್ಧಾರ್ಥ 2019" ಎಂದು ಆವರಣದಲ್ಲಿ ನಮೂದಿಸಿದನೆಂದುಕೊಳ್ಳೋಣ. ನಮೂದು ನಿಯಮಬದ್ಧವಾಗಿರುತ್ತದೆ, ಪರೀಕ್ಷಕರಿಗೂ ತೃಪ್ತಿಯಾಗುತ್ತದೆ. ಆದರೆ ಆ ಪತ್ರದ ಸುತ್ತ ಎದ್ದ ಮೊದಲ ಪ್ರಶ್ನೆಯೇ ಕರ್ತೃತ್ವದ್ದು. ಆವರಣದೊಳಗಿನ ಹೆಸರು ಯಾವ ವಿಚಾರಣೆಯನ್ನೂ ಮಾಡದೆ ಆ ಪ್ರಶ್ನೆಯನ್ನು ಮುಗಿಸಿಬಿಡುತ್ತದೆ. ಪತ್ರಿಕೆಯ ವಾಕ್ಯ ಉಳಿಸಿಕೊಂಡಿದ್ದ ಸಂದೇಹವನ್ನು ಪಾಂಡಿತ್ಯದ ನಮೂದು ಅಳಿಸಿಹಾಕುತ್ತದೆ. ಅಡಿಟಿಪ್ಪಣಿಯೇ ಪ್ರಾಮಾಣ್ಯದ ಲಕ್ಷಣವೆನ್ನುವ ನಮ್ಮ ಮಿತ್ರರು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು.

ಇಷ್ಟು ಹೇಳಿದೆನೆಂದು ಪತ್ರಿಕಾ ಬರಹಗಾರರು ಹಿಗ್ಗಬೇಕಿಲ್ಲ. ಕನ್ನಡ ಪತ್ರಿಕೆಗಳಿಗೆ ಪ್ರಿಯವಾದ "ಎನ್ನಲಾಗಿದೆ" ಎಂಬ ಕ್ರಿಯಾಪದವನ್ನೇ ನೋಡಿರಿ. ಹೇಳಿದವನನ್ನು ಮರೆಮಾಚುವುದಕ್ಕೆ ಇದಕ್ಕಿಂತ ಅನುಕೂಲವಾದ ರೂಪ ನಮ್ಮ ವ್ಯಾಕರಣದಲ್ಲಿಲ್ಲ. "ಮೂಲಗಳು ತಿಳಿಸಿವೆ" ಎಂಬುದು ಅದರ ದಾಯಾದಿ. ಹೆಸರಿದ್ದಾಗಲೂ ಕ್ರಿಯಾಪದವೇ ಕೈಕೊಡುವುದುಂಟು. ಅಧಿಕಾರಿಯೊಬ್ಬರು "ಹೇಳಿದರು" ಎಂದರೆ ಹೊಣೆ ಅವರದು. "ಸ್ಪಷ್ಟಪಡಿಸಿದರು" ಎಂದೊಡನೆ ಅವರ ಮಾತು ನಿಜವೆಂದು ವರದಿಗಾರನು ತಾನೂ ಒಪ್ಪಿದಂತಾಯಿತು. ಸಹಿ ಹೊಂದುವುದಿಲ್ಲವೆಂದು ಇಲಾಖೆ "ಸ್ಪಷ್ಟಪಡಿಸಿದೆ" ಎಂದು ಬರೆದಿದ್ದರೆ ಮೇಲಿನ ಎಚ್ಚರವೆಲ್ಲ ಒಂದೇ ಪದದಲ್ಲಿ ಹಾಳಾಗುತ್ತಿತ್ತು.

ಇನ್ನು ಕೊಂಡಿಯ ಮಾತು. ಅದೇ ಪ್ರಕರಣದ ಮುಂದಿನ ಅಧ್ಯಾಯ ಇದಕ್ಕೆ ಒಳ್ಳೆಯ ಪಾಠ. ಕಂಪನಿಯು ಸಿ.ಬಿ.ಐ.ನ ನಿವೃತ್ತ ಅಧಿಕಾರಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರಿಂದ ತನಿಖೆ ಮಾಡಿಸಿ, 2020ರ ಜುಲೈಯಲ್ಲಿ ಅದರ ಸಾರವನ್ನು ಷೇರು ವಿನಿಮಯ ಕೇಂದ್ರಗಳಿಗೆ ಸಲ್ಲಿಸಿತು. ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಸಂಸ್ಥೆಯು ಕಾಫಿ ಡೇಯ ಅಂಗಸಂಸ್ಥೆಗಳಿಗೆ ದೊಡ್ಡ ಮೊತ್ತವನ್ನು ಕೊಡಬೇಕಾಗಿದೆಯೆಂಬುದು ಅದರ ಮುಖ್ಯಾಂಶ. ಈ ಮೊತ್ತವು ಒಂದು ವರದಿಯಲ್ಲಿ 2,693 ಕೋಟಿ ರೂಪಾಯಿ, ಮತ್ತೊಂದರಲ್ಲಿ 3,535 ಕೋಟಿ ರೂಪಾಯಿ. ಎರಡೂ "ತನಿಖಾ ವರದಿಯ ಪ್ರಕಾರ"ವೇ. ಓದುಗನಿಗೆ ಇಬ್ಬರಲ್ಲೊಬ್ಬರು ಸುಳ್ಳು ಬರೆದಿದ್ದಾರೆಂದು ತೋರಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಎರಡೂ ಸರಿ: 2019ರ ಜುಲೈ 31ರಂದು ಬಾಕಿಯಿದ್ದುದು 3,535 ಕೋಟಿ, ಅದರಲ್ಲಿ 842 ಕೋಟಿಯು ಅದೇ ವರ್ಷದ ಮಾರ್ಚ್ 31ರ ಲೆಕ್ಕಪತ್ರದಲ್ಲಿ ಮೊದಲೇ ಕಾಣಿಸಿಕೊಂಡಿತ್ತು, ಉಳಿದುದು 2,693 ಕೋಟಿ. 2023ರ ಜನವರಿಯಲ್ಲಿ ಸೆಬಿ ಕಂಪನಿಗೆ 26 ಕೋಟಿ ದಂಡ ವಿಧಿಸಿದಾಗ ಹೇಳಿದ್ದು 3,535 ಕೋಟಿಯ ಲೆಕ್ಕವನ್ನೇ.

ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಪತ್ರಕ್ಕೆ ಕೊಂಡಿಯಿದ್ದರೆ ಈ ವ್ಯವಕಲನವನ್ನು ಓದುಗನು ತಾನೇ ಮಾಡಿಕೊಳ್ಳುತ್ತಾನೆ. ಕೊಂಡಿಯು ಅದೇ ಪತ್ರಿಕೆಯ ಹಿಂದಿನ ವರದಿಗೆ ಒಯ್ದು, ಆ ವರದಿ ಇನ್ನೊಂದು ಸುದ್ದಿಸಂಸ್ಥೆಯ ಸಾರಕ್ಕೆ ಒಯ್ದರೆ, ಓದುಗನು ಎಷ್ಟು ನಡೆದರೂ ಒಂದೇ ಅಂಗಳದಲ್ಲಿ ಸುತ್ತುತ್ತಿರುತ್ತಾನೆ. ನೀಲಿ ಬಣ್ಣದ ಪದವೊಂದು ಕಂಡೊಡನೆ ಆಧಾರವಿದೆಯೆಂದು ನಂಬುವ ಮೊದಲು, ಅದು ದಾಖಲೆಗೆ ಹೋಗುತ್ತದೆಯೇ ಅಥವಾ ದಾಖಲೆಯ ಬಗ್ಗೆ ಬರೆದ ಮಾತಿಗೆ ಹೋಗುತ್ತದೆಯೇ ಎಂದು ಒತ್ತಿ ನೋಡಲೇಬೇಕು.

ನಮ್ಮ ತರ್ಕಶಾಸ್ತ್ರಗಳಲ್ಲಿ "ಆಪ್ತ" ಎಂಬ ಮಾತಿದೆ. ಹೇಳುವ ವಿಷಯವನ್ನು ಇದ್ದಂತೆ ಅರಿತು, ಅರಿತಂತೆ ಹೇಳುವವನು ಆಪ್ತ; ಪದವಿಯಿಂದ ಯಾರೂ ಆಪ್ತರಾಗುವುದಿಲ್ಲ. ವರದಿಗಾರನ ಹೆಸರಿಸುವ ಕ್ರಮ ನಿಲ್ಲುವುದೂ ಬೀಳುವುದೂ ಇದೇ ಗೆರೆಯ ಮೇಲೆ. ಈ ವರ್ಷದ ಕಾಫಿ ಫಸಲು ಎಷ್ಟೆಂಬುದಕ್ಕೆ ಕಾಫಿ ಮಂಡಳಿಯನ್ನು ಹೆಸರಿಸುವುದು ಯುಕ್ತವೇ ಸರಿ, ಏಕೆಂದರೆ ಅಂದಾಜು ಮಾಡುವುದು ಅದರ ಕೆಲಸ. ಅಲ್ಲಿಯೂ ಹೂವು ಬಿಟ್ಟ ಮೇಲಿನ ಅಂದಾಜೋ ಮಳೆಗಾಲದ ನಂತರದ ಅಂದಾಜೋ ಎಂದು ಹೇಳಬೇಕು. ನಡುವೆ ಒಂದು ಮಳೆಗಾಲವೇ ಕಳೆದಿರುತ್ತದೆ, ಕಾಯಿ ಉದುರಿರುತ್ತದೆ.

ಆದರೆ ಬಾಬಾ ಬುಡನ್ ಮೋಕಾದಿಂದ ಏಳು ಬೀಜಗಳನ್ನು ತಂದ ಕಥೆಗೆ ಬಂದಾಗಲೂ ಅದೇ ಮಂಡಳಿಯನ್ನು ಹೆಸರಿಸಿದರೆ ಏನಾಯಿತು? ಮಂಡಳಿಯ ಜಾಲತಾಣವು ಅದನ್ನು 1600ರ ಕಾಲಕ್ಕೆ ಇಡುತ್ತದೆ. ಬೇರೆ ಅನೇಕ ಬರಹಗಳಲ್ಲಿ ಅದು 1670. ಎಪ್ಪತ್ತು ವರ್ಷವೆಂದರೆ ಮೂರು ತಲೆಮಾರು. ಮಂಡಳಿಯೋ 1942ರ ಕಾಫಿ ಕಾಯಿದೆಯ ಕೂಸು. ಹದಿನೇಳನೆಯ ಶತಮಾನದ ಘಟನೆಗೆ ಅದು ಸಾಕ್ಷಿಯಾಗಲಾರದು; ತಾನೂ ಎಲ್ಲಿಂದಲೋ ಕೇಳಿದ್ದನ್ನು ಹೇಳುತ್ತಿದೆ. "ಕಾಫಿ ಮಂಡಳಿಯ ಪ್ರಕಾರ" ಎಂದು ಬರೆದು ಕೊಂಡಿ ಹಾಕಿದ ಲೇಖಕನು ತನ್ನ ವೃತ್ತಿಯ ನಿಯಮವನ್ನು ಅಕ್ಷರಶಃ ಪಾಲಿಸಿರುತ್ತಾನೆ. ಆದರೂ ಐತಿಹ್ಯವೊಂದು ಸರ್ಕಾರಿ ಮೊಹರು ಪಡೆದು ಇತಿಹಾಸವಾಗಿಬಿಡುತ್ತದೆ. ಇಲ್ಲಿ ಬೇಕಾದುದು ಹೇಳಿದವರ ಹೆಸರಲ್ಲ. ಈ ಕಥೆ ಮೊದಲು ಯಾವ ಬರಹದಲ್ಲಿ, ಯಾವ ಕಾಲದಲ್ಲಿ ಕಾಣಿಸುತ್ತದೆಂಬ ಶೋಧ. ಅದು ವಿದ್ವಾಂಸನ ಕೆಲಸ, ಅದಕ್ಕೆ ಅವನದೇ ಕ್ರಮ ಬೇಕು.

ಮೂಡಿಗೆರೆ ತಾಲ್ಲೂಕಿನ ಅಂಗಡಿಯ ವಿಷಯದಲ್ಲಿ ನನ್ನ ತಕರಾರು ಇನ್ನೂ ತೀಕ್ಷ್ಣವಾದುದು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇದೇ ಎಂದು ಗುರುತಿಸಲಾಗಿದೆ, ಬಸದಿಗಳಿವೆ, ಶಾಸನಗಳಿವೆ. ಪ್ರವಾಸದ ಪುರವಣಿಗಳು ಈ ಊರಿಗೆ ಬಂದಾಗಲೆಲ್ಲ, ಸುದತ್ತ ಮುನಿಯ ಮಾತಿನಂತೆ ಸಳನು ಇಲ್ಲಿಯೇ ಹುಲಿಯನ್ನು ಕೊಂದನೆಂದು "ಇತಿಹಾಸಕಾರರು ಹೇಳುತ್ತಾರೆ". ಯಾವ ಇತಿಹಾಸಕಾರರು? ಎಲ್ಲಿ ಹೇಳಿದರು? ಸಳನ ಕಥೆ ನಮಗೆ ದೊರೆಯುವುದು ವಿಷ್ಣುವರ್ಧನನ ಕಾಲದಿಂದೀಚಿನ ಶಾಸನಗಳಲ್ಲಿ, ಅಂದರೆ ವಂಶವು ದೊಡ್ಡದಾದ ಮೇಲೆ. ಸುದತ್ತನೆಂಬ ಹೆಸರು ಆ ಎಲ್ಲ ಶಾಸನಗಳಲ್ಲಿಯೂ ಇಲ್ಲ. ಶಾಸನದ ನಮೂದನ್ನು ಕೊಟ್ಟಿದ್ದರೆ ಈ ಅಂತರವು ಓದುಗನಿಗೆ ತಾನಾಗಿಯೇ ಕಾಣುತ್ತಿತ್ತು. ಈ ಕಥೆ ಜೈನ ಪರಂಪರೆಗೆ ಹೆಮ್ಮೆಯದೆಂಬ ಕಾರಣಕ್ಕೆ ನಾವು ಈ ಶೈಥಿಲ್ಯವನ್ನು ಸಹಿಸಬೇಕಾಗಿಲ್ಲ.

ವಿದ್ವತ್ತಿನ ನಮೂದು ಎಷ್ಟು ಕಾಲ ಬಾಳುತ್ತದೆಂಬುದಕ್ಕೂ ಇದೇ ತಾಲ್ಲೂಕು ಸಾಕ್ಷಿ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಪ್ರಕಟವಾದದ್ದು 1901ರಲ್ಲಿ, ಕಡೂರು ಜಿಲ್ಲೆಯ ಹೆಸರಿನಲ್ಲಿ. ಕಳಸದ ಶಾಸನಗಳು ಅದರಲ್ಲಿ ಮೂಡಿಗೆರೆಯ ಅಂಕಿಗಳಡಿಯಲ್ಲಿವೆ. ಇಂದು ಜಿಲ್ಲೆಯ ಹೆಸರು ಚಿಕ್ಕಮಗಳೂರು. ಕಳಸ ಪ್ರತ್ಯೇಕ ತಾಲ್ಲೂಕು. ಆದರೂ ಸಂಪುಟ ಆರು, ಮೂಡಿಗೆರೆ, ಇಂಥ ಅಂಕಿ ಎಂದರೆ ಕಳಸದ ಅದೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತೇವೆ. ಜಾಲತಾಣದ ಎಷ್ಟೋ ಕೊಂಡಿಗಳು ಐದೇ ವರ್ಷದಲ್ಲಿ ಖಾಲಿ ಪುಟಕ್ಕೆ ತೆರೆದುಕೊಳ್ಳುತ್ತವೆ. ಒಂದು ಎಚ್ಚರ ಮಾತ್ರ ಬೇಕು: ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೂ ಶಾಸನಗಳ ಅಂಕಿಗಳೂ ಬದಲಾಗಿವೆ. ಯಾವ ಆವೃತ್ತಿಯೆಂದು ಬರೆಯದೆ ಬರಿಯ "ಎ.ಕ." ಎಂದು ಅಂಕಿಯನ್ನು ಕೊಡುವ ಪ್ರಬಂಧಗಳು ಪ್ರತಿವರ್ಷವೂ ಬರುತ್ತಿವೆ. ಅವನ್ನು ಅನುಸರಿಸಿ ಹೊರಟ ಓದುಗನು ಕಳಸದ ದಾನಶಾಸನವನ್ನು ಹುಡುಕುತ್ತ ಇನ್ನಾವುದೋ ಊರಿನ ವೀರಗಲ್ಲನ್ನು ತಲುಪುತ್ತಾನೆ, ಮತ್ತು ಅವನಿಗೆ ಅದು ತಪ್ಪು ಕಲ್ಲೆಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.