‘ಒರಿಜಿನಲ್ ಚನ್ನಪಟ್ಟಣ, ನ್ಯಾಚುರಲ್ ಕಲರ್’: ಗೊಂಬೆ ಮಾರುವವರ ಈ ಮಾತಿಗೆ ಆಧಾರ ಏನು?

ಹಾಸನ: ‘ಒರಿಜಿನಲ್ ಚನ್ನಪಟ್ಟಣ ಗೊಂಬೆ, ಅರಗಿನ ಪಾಲಿಶ್, ನ್ಯಾಚುರಲ್ ಕಲರ್, ಮಕ್ಕಳಿಗೆ 100% ಸೇಫ್.’ ಮರದ ಆಟಿಕೆ ಮಾರುವವರ ವಾಟ್ಸಾಪ್ ಸ್ಟೇಟಸ್‌ನಲ್ಲಿ, ಆನ್‌ಲೈನ್ ಪಟ್ಟಿಯಲ್ಲಿ ಇಂಥದೇ ಸಾಲು ಕಾಣುತ್ತೆ. ಓದೋಕೆ ಒಂದೇ ಮಾತಿನ ಹಾಗಿದ್ದರೂ ಇದರಲ್ಲಿ ನಾಲ್ಕು ಬೇರೆ ಬೇರೆ ಭರವಸೆಗಳಿವೆ. ಒಂದಕ್ಕೆ ಇರುವ ಸಾಕ್ಷಿ ಇನ್ನೊಂದಕ್ಕೆ ಆಗಲ್ಲ. ಬರೆದು ಮಾರಿದ ಮೇಲೆ ಉತ್ತರ ಕೊಡಬೇಕಾದವರು ಅಂಗಡಿಯವರೇ.

ಪಟ್ಟಣ ಎರಡು, ಹೆಸರು ಒಂದೇ ಥರ

ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಬೆಂಗಳೂರು–ಹಾಸನ ಹೆದ್ದಾರಿಯಲ್ಲಿರೋದು ಚನ್ನರಾಯಪಟ್ಟಣ. ಗೊಂಬೆಗೆ ಹೆಸರಾದದ್ದು ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣ, ಅಂದರೆ ಹಿಂದಿನ ರಾಮನಗರ, ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆ. ಶ್ರವಣಬೆಳಗೊಳಕ್ಕೆ ಹೋಗುವ ಹೊರಗಿನ ಪ್ರವಾಸಿಗರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯ ಇಲ್ಲ.

‘ಚನ್ನಪಟ್ಟಣ ಆಟಿಕೆ ಮತ್ತು ಗೊಂಬೆ’ ಅನ್ನೋದು ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿ ಪಡೆದ ಹೆಸರು. ಆ ಊರಿನ ವ್ಯಾಪ್ತಿಯಲ್ಲಿ, ಆ ಪದ್ಧತಿಯಲ್ಲಿ ಆದ ಮಾಲಿಗೆ ಮಾತ್ರ ಅದನ್ನ ಹಚ್ಚಬಹುದು. ಬೇರೆ ಕಡೆಯಿಂದ ತರಿಸಿದ ಮರದ ಆಟಿಕೆಗೆ ಆ ಹೆಸರು ಹಾಕಿ ಮಾರಿದರೆ 1999ರ ಜಿಐ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ‘ಚನ್ನಪಟ್ಟಣ ಶೈಲಿ’ ಅಂತ ಬರೆದು ಜಾರಿಕೊಳ್ಳೋದೂ ಸುರಕ್ಷಿತ ದಾರಿ ಅಲ್ಲ. ಗಿರಾಕಿ ಓದೋದು ಮೊದಲ ಪದ ಮಾತ್ರ. ಮೂಲ ಗೊತ್ತಿಲ್ಲದಿದ್ದರೆ ‘ಮರದ ಆಟಿಕೆ’ ಅಂತ ಬರೆದರೆ ಸಾಕು.

ಅರಗಿನ ಪಾಲಿಶ್ ಅಂದರೆ ಏನು

ಅಸಲಿ ಪದ್ಧತಿ ಗೊತ್ತಿದ್ದರೆ ಮಾಲು ನೋಡಿಯೇ ಅರ್ಧ ವಿಷಯ ಹೇಳಬಹುದು. ಚನ್ನಪಟ್ಟಣದಲ್ಲಿ ಹಿಂದಿನಿಂದ ಬಳಸೋದು ಹಾಲೆ ಮರ. ಬಿಳಿ ಬಣ್ಣ, ಹಗುರ, ನಯವಾದ ಎಳೆ. ದಿಮ್ಮಿಯನ್ನ ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಕಟ್ಟಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ಸರಿಯಾಗಿ ಒಣಗದ ಮರ ಆಮೇಲೆ ಕುಗ್ಗಿ ಸೀಳುತ್ತೆ, ಮೇಲಿನ ಅರಗೂ ಏಳುತ್ತೆ.

ಬಣ್ಣ ಹಚ್ಚೋದು ಬ್ರಷ್‌ನಿಂದ ಅಲ್ಲ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ನಾದಿ, ಕಡ್ಡಿ ಮಾಡಿ ಇಟ್ಟುಕೊಂಡಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತೆ. ಕೊನೆಗೆ ಒಣಗಿದ ಕೇದಗೆ ಎಲೆ ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಬರುತ್ತೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತೆ. ತಿರುಗಿಸಿ ಮಾಡುವ ಕೆಲಸ ಆದ್ದರಿಂದ ಅರಗಿನ ಪಾಲಿಶ್ ದುಂಡನೆಯ ಭಾಗಕ್ಕೆ ಮಾತ್ರ ಬರುತ್ತೆ. ಬುಗುರಿ, ಗಿಲಕಿ, ಗಾಲಿ, ಕೋಲಿಗೆ ಪೋಣಿಸುವ ಬಳೆಗಳು, ಗುಂಡು ಗೊಂಬೆ ಎಲ್ಲ ಸರಿ. ಹಲಗೆ ಕತ್ತರಿಸಿ ಮಾಡಿದ ಚಪ್ಪಟೆ ಆನೆ, ಅಕ್ಷರದ ಪಜಲ್‌ಗೆ ‘ಅರಗಿನ ಪಾಲಿಶ್’ ಅಂತ ಬರೆದಿದ್ದರೆ ಅನುಮಾನ ಪಡಬೇಕು. ಅದು ಬಹುತೇಕ ಪೇಂಟೇ. ಅಸಲಿ ಗೊಂಬೆಯಲ್ಲೂ ಕಣ್ಣು, ಹಣೆಬೊಟ್ಟು, ಹೂವಿನ ಚುಕ್ಕಿಗಳನ್ನ ಬ್ರಷ್‌ನಲ್ಲಿ ಪೇಂಟ್‌ನಿಂದಲೇ ಬರೆದಿರಬಹುದು. ಮೈ ಅರಗಿನದು, ಕಣ್ಣು ಪೇಂಟಿನದು ಅಂದಾಗ ‘ಪೂರ್ತಿ ಅರಗು’ ಅನ್ನೋ ಮಾತು ನಿಲ್ಲಲ್ಲ. ಕೊಳ್ಳುವಾಗ ಕಣ್ಣಿನ ಬಣ್ಣ ಯಾವುದು ಅಂತ ಬೇರೆಯಾಗಿ ಕೇಳಬೇಕು.

ಕೌಂಟರ್‌ನಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಗೊಂಬೆಯ ತಳಕ್ಕೆ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಹಚ್ಚಿ ಒಂದು ನಿಮಿಷ ಬಿಡಿ. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತು, ಹಾಗಾಗಿ ಬೆರಳಿಗೆ ಅಂಟಂಟಾಗಿ ಬರುತ್ತೆ, ಹತ್ತಿಗೆ ಬಣ್ಣ ಹತ್ತುತ್ತೆ. ಒಣಗಿ ಗಟ್ಟಿಯಾದ ಎನಾಮಲ್ ಪೇಂಟ್ ಅಷ್ಟು ಬೇಗ ಜಗ್ಗಲ್ಲ. ಆದರೆ ಇದರಿಂದ ಗೊತ್ತಾಗೋದು ಮೇಲಿರೋದು ಅರಗೋ ಅಲ್ಲವೋ ಅನ್ನೋದಷ್ಟೇ. ಆ ಅರಗಿನೊಳಗೆ ಬೆರೆಸಿದ ಬಣ್ಣ ಯಾವುದು ಅನ್ನೋದು ಗೊತ್ತಾಗಲ್ಲ.

ಬಣ್ಣದ ಪ್ರಶ್ನೆ

ಅರಗಿನಿಂದ ಭಯ ಇಲ್ಲ. ಶುದ್ಧ ಮಾಡಿದ ಅರಗನ್ನು ಮಿಠಾಯಿ, ಮಾತ್ರೆಗಳ ಹೊಳಪಿಗೂ ಬಳಸುತ್ತಾರೆ. ತೊಂದರೆ ಇರೋದು ಸೀಸದಲ್ಲಿ. ಹಳದಿ, ಕೇಸರಿ, ಹಸಿರು ಬಣ್ಣಗಳಿಗೆ ಸೀಸದ ಪುಡಿಗಳನ್ನ ಬಳಸುವ ರೂಢಿ ಪೇಂಟ್ ಉದ್ಯಮದಲ್ಲಿ ಬಹಳ ಕಾಲ ಇತ್ತು. ಮಗು ಗಿಲಕಿಯನ್ನ ಬಾಯಿಗಿಟ್ಟುಕೊಂಡು ಚೀಪುತ್ತೆ, ಸೀಸ ಹೊಟ್ಟೆ ಸೇರುತ್ತೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಪೆಟ್ಟು ಕೊಡುತ್ತೆ, ಮತ್ತು ಇಷ್ಟರೊಳಗಿದ್ದರೆ ಅಪಾಯ ಇಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಚನ್ನಪಟ್ಟಣದಲ್ಲಿ ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಎರಡನ್ನೂ ಬೆರೆಸಿ ಹಸಿರು, ಕಾಚಿನಿಂದ ಕಂದು ಹೀಗೆ ಸಸ್ಯ ಬಣ್ಣ ಬಳಸುವ ಕುಶಲಕರ್ಮಿಗಳಿದ್ದಾರೆ. ಇವು ಸ್ವಲ್ಪ ಮಂಕು. ಅರಿಶಿನದ ಹಳದಿಯಂತೂ ಬಿಸಿಲಿಗೆ ಬೇಗ ಮಾಸುತ್ತೆ. ಮಿಂಚುವ ಗುಲಾಬಿ, ರೇಡಿಯಂ ಹಸಿರು ಇರುವ ಗೊಂಬೆಗೆ ‘ನ್ಯಾಚುರಲ್ ಕಲರ್’ ಅಂತ ಬರೆದಿದ್ದರೆ ಆ ಮಾತು ಸುಳ್ಳು ಅಂತ ಕಣ್ಣಿಗೇ ಗೊತ್ತಾಗುತ್ತೆ. ಹಾಗಂತ ಮಂಕು ಬಣ್ಣ ಎಲ್ಲವೂ ಸಸ್ಯದ್ದಲ್ಲ, ಕೆಮಿಕಲ್ ಬಣ್ಣ ಎಲ್ಲದರಲ್ಲೂ ಸೀಸ ಇರಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ಬಣ್ಣ ಬಿಡುತ್ತೋ ಇಲ್ಲವೋ ತಿಳಿಯುತ್ತೆ. ಸೀಸ ಇದೆಯೋ ಇಲ್ಲವೋ ಅದರಿಂದ ತಿಳಿಯಲ್ಲ.

ಅದನ್ನ ಹೇಳೋದು ಲ್ಯಾಬ್ ಮಾತ್ರ. ಆಟಿಕೆಗಳ ಭಾರತೀಯ ಮಾನದಂಡ ಐಎಸ್ 9873ರ ಮೂರನೇ ಭಾಗದಲ್ಲಿ ಇದರ ವಿಧಾನ ಇದೆ. ಮೇಲಿನ ಬಣ್ಣವನ್ನ ಕೆರೆದು, ಹೊಟ್ಟೆಯ ಆಮ್ಲದಂಥ ತೆಳು ಆಮ್ಲದಲ್ಲಿ ಮೈಯ ಬಿಸಿಯಷ್ಟೇ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಎಷ್ಟು ಲೋಹ ಹೊರಬಂತು ಅಂತ ಅಳೆಯುತ್ತಾರೆ. ಒಂದು ಕಿಲೋ ಬಣ್ಣದ ಲೆಕ್ಕಕ್ಕೆ ಹೊರಬರುವ ಸೀಸ 90 ಮಿಲಿಗ್ರಾಂ ದಾಟಬಾರದು.

ಐಎಸ್‌ಐ ಇಲ್ಲದಿದ್ದರೂ ಕಾನೂನುಬದ್ಧ, ಆದರೆ…

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ತಯಾರಿಸೋದು ಮಾತ್ರ ಅಲ್ಲ, ಗುರುತಿಲ್ಲದ್ದನ್ನ ಮಾರೋದು, ಮಾರೋಕೆ ಇಡೋದೂ ತಪ್ಪು. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 2 ಲಕ್ಷ ದಂಡ. 2023ರ ಜನವರಿಯಲ್ಲಿ ವಿಮಾನ ನಿಲ್ದಾಣ, ಮಾಲ್‌ಗಳ ದೊಡ್ಡ ಅಂಗಡಿಗಳಲ್ಲೇ ಗುರುತಿಲ್ಲದ ಸಾವಿರಾರು ಆಟಿಕೆ ಜಪ್ತಿ ಆಗಿದ್ದವು.

ಈ ಆದೇಶದಿಂದ ಇಬ್ಬರಿಗೆ ವಿನಾಯಿತಿ ಇದೆ. ಒಬ್ಬರು, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿ, ತಾನೇ ಮಾಡಿ ಮಾರುವ ಸರಕಿಗೆ. ಇನ್ನೊಬ್ಬರು, ಜಿಐ ಹೆಸರಿನ ಒಡೆತನ ಇರುವವರು ಮತ್ತು ಅದರ ಅಧಿಕೃತ ಬಳಕೆದಾರರು. ಆದ್ದರಿಂದ ಚನ್ನಪಟ್ಟಣದ ಗೊಂಬೆಗೆ ಐಎಸ್‌ಐ ಇಲ್ಲ ಅಂದ ಮಾತ್ರಕ್ಕೆ ಅದು ಕಳ್ಳಮಾಲಲ್ಲ.

ಎಡವೋದು ಇಲ್ಲೇ. ವಿನಾಯಿತಿ ಅಂದರೆ ಕಡ್ಡಾಯ ಪರೀಕ್ಷೆ ಇಲ್ಲ ಅಂತ, ಪರೀಕ್ಷೆ ಪಾಸಾಗಿದೆ ಅಂತಲ್ಲ. ಜಿಐ ಹೇಳೋದು ಊರು ಮತ್ತು ಪದ್ಧತಿಯನ್ನ, ಸೀಸದ ಲೆಕ್ಕವನ್ನಲ್ಲ. ‘ಜಿಐ ಟ್ಯಾಗ್ ಇದೆ, ಅದಕ್ಕೇ 100% ಸೇಫ್’ ಅಂತ ಬರೆದರೆ ಒಂದರ ಸಾಕ್ಷಿಯನ್ನ ಇನ್ನೊಂದಕ್ಕೆ ತೋರಿಸಿದಂತೆ.

ಒಂದು ಪಟ್ಟಿ ತಿದ್ದಿ ನೋಡಿದರೆ

ಉದಾಹರಣೆಗೆ, ಹೊಳೆನರಸೀಪುರದ ಒಂದು ಫ್ಯಾನ್ಸಿ ಸ್ಟೋರ್‌ನವರು ಕೋಲಿಗೆ ಐದು ಬಳೆ ಪೋಣಿಸುವ ಆಟಿಕೆ ತಂದಿದ್ದಾರೆ ಅಂದುಕೊಳ್ಳೋಣ. ಮೇಲೆ ಗುಂಡು ತಲೆ, ಅದಕ್ಕೆ ಬರೆದ ಕಣ್ಣು. ಕೈಯಲ್ಲಿರೋದು ಚನ್ನಪಟ್ಟಣದ ಕುಶಲಕರ್ಮಿ ಕೊಟ್ಟ ಬಿಲ್, ಅದರಲ್ಲಿ ಅವರ ಕುಶಲಕರ್ಮಿ ಗುರುತಿನ ಚೀಟಿ ಸಂಖ್ಯೆ. ಲ್ಯಾಬ್ ವರದಿ ಇಲ್ಲ. ಆಗ ಬರೆಯಬಹುದಾದದ್ದು ಇಷ್ಟು:

‘ಚನ್ನಪಟ್ಟಣದಲ್ಲಿ ಲೇತ್‌ನಲ್ಲಿ ಮಾಡಿದ ಹಾಲೆ ಮರದ ಆಟಿಕೆ. ಬಳೆ ಮತ್ತು ತಲೆಗೆ ಅರಗಿನ ಪಾಲಿಶ್, ಕಣ್ಣು ಬ್ರಷ್ ಪೇಂಟ್. ತಯಾರಕರು ಹೇಳಿದಂತೆ ಸಸ್ಯ ಬಣ್ಣ. ಕರಕುಶಲ ವಿನಾಯಿತಿಯಡಿ ಬಂದ ಸರಕು, ಐಎಸ್‌ಐ ಗುರುತು ಇಲ್ಲ, ಲ್ಯಾಬ್ ವರದಿ ಇಲ್ಲ.’

‘100% ಸೇಫ್’ ಇದರಲ್ಲಿ ಇಲ್ಲ, ಯಾಕಂದರೆ ಅದಕ್ಕೆ ಕಾಗದ ಇಲ್ಲ. ವರದಿ ಸಿಕ್ಕಿದರೆ ಯಾವ ಬಣ್ಣಗಳಿಗೆ, ಯಾವ ದಿನ ಮಾಡಿಸಿದ್ದು ಅಂತ ನೋಡಬೇಕು. ಕೆಂಪಿನ ವರದಿ ಹಳದಿಗೆ ಆಗಲ್ಲ, ಮೂರು ವರ್ಷ ಹಿಂದಿನ ವರದಿ ಈ ಸಲದ ಮಾಲಿಗೆ ಆಗಲ್ಲ. ಐಎಸ್‌ಐ ಗುರುತಿದ್ದರೆ ಅದರ ಕೆಳಗಿನ CM/L ಸಂಖ್ಯೆಯನ್ನ ‘BIS Care’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಮಧ್ಯವರ್ತಿಯಿಂದ ತಂದ ಮಾಲಾದರೆ, ಕುಶಲಕರ್ಮಿಯ ಹೆಸರು ಇಲ್ಲದ ಬಿಲ್ ಹಿಡಿದುಕೊಂಡು ವಿನಾಯಿತಿ ಕೇಳೋದು ಕಷ್ಟ.

ಕೊಂಡವರು ಹಾಳು ಮಾಡೋದು ಹೇಗೆ

ಬಣ್ಣ ಎದ್ದಿತು ಅನ್ನೋ ದೂರಿಗೆ ಎಷ್ಟೋ ಸಲ ಕಾರಣ ತೊಳೆದ ರೀತಿ. ಅರಗು ನೀರಲ್ಲಿ ನೆಂದರೆ ಬೆಳ್ಳಗಾಗುತ್ತೆ, ಸೋಪು ಸೋಡಾಕ್ಕೆ ಸವೆಯುತ್ತೆ, ಸ್ಯಾನಿಟೈಸರ್‌ಗೆ ಕರಗುತ್ತೆ. ಸುಮಾರು 70 ಡಿಗ್ರಿ ಬಿಸಿಗೆ ಮೆತ್ತಗಾಗುತ್ತೆ, ಹಾಗಾಗಿ ಕುದಿನೀರಲ್ಲಿ ಹಾಕೋದು, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡೋದು ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ದಸರಾ ಗೊಂಬೆಗಳ ಜೊತೆ ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆ ಸುತ್ತಿ. ಇಷ್ಟನ್ನ ಪಟ್ಟಿಯಲ್ಲೇ ಬರೆದರೆ ವಾಪಸ್ ಬರೋ ಮಾಲು ಕಡಿಮೆ ಆಗುತ್ತೆ. ಅರಗು ಎದ್ದು ಚಕ್ಕೆ ಬರುತ್ತಿದ್ದರೆ ಆ ಆಟಿಕೆಯನ್ನ ಚೀಪುವ ಮಗುವಿನ ಕೈಗೆ ಕೊಡಬಾರದು.

ಗಿರಾಕಿಗಳು ವಾಟ್ಸಾಪ್ ಪಟ್ಟಿಯ ಸ್ಕ್ರೀನ್‌ಶಾಟ್ ಮತ್ತು ಬಿಲ್ ಎರಡನ್ನೂ ಇಟ್ಟುಕೊಳ್ಳಬೇಕು. ಬರೆದದ್ದೊಂದು, ಬಂದದ್ದೊಂದು ಅಂತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಅಲ್ಲಿ ‘ಸಪ್ಲೈಯರ್ ಹಾಗೆ ಹೇಳಿದ್ರು’ ಅಂದರೆ ಸಾಲಲ್ಲ. ಪಟ್ಟಿಯಲ್ಲಿರುವ ಒಂದೊಂದು ಮಾತಿಗೂ ಕಾಗದ ತೋರಿಸಬೇಕಾಗುತ್ತೆ.