ಉಂಗುರದ ಅಳತೆಗೆ ದಾರ ಬೇಡ
ಆನ್‌ಲೈನ್‌ನಲ್ಲಿ ಉಂಗುರ ತರಿಸ್ತಿದ್ದೀರಾ? ಬೆರಳಿಗೆ ದಾರ ಸುತ್ತಿ ಅಳೀಬೇಡಿ, ಎಳೆದಷ್ಟು ಹಿಗ್ಗುತ್ತೆ. ಉಂಗುರ ಎಷ್ಟು ಅಗಲವೋ ಅಷ್ಟೇ ಅಗಲದ ಪೇಪರ್ ಪಟ್ಟಿ ಕತ್ತರಿಸಿ ಸುತ್ತಿ. ಅಗಲದ ಉಂಗುರ ಬೆರಳನ್ನು ಜಾಸ್ತಿ ಬಿಗಿಯುತ್ತೆ. ಹೀಗೆ ಅಳೆದರೆ ಅದೂ ಲೆಕ್ಕಕ್ಕೆ ಬರುತ್ತೆ, ಮತ್ತೆ ಒಂದು ಸೈಜ್ ಸೇರಿಸೋದು ಬೇಡ.

ಬಿಸಿಲಲ್ಲಿ ಸುತ್ತಿ ಬಂದ ಕೂಡಲೇ ಬೆರಳು ಊದಿರುತ್ತೆ, ಎಸಿಯಲ್ಲಿ ಕುಗ್ಗಿರುತ್ತೆ. ಫ್ಯಾನ್ ಕೆಳಗೆ ಅರ್ಧ ಗಂಟೆ ಕೂತು, ಸಂಜೆ ಹೊತ್ತು ಅಳೆಯಿರಿ.

ಬೆರಳ ಬುಡದಲ್ಲಿ 54 ಮಿ.ಮೀ., ಗೆಣ್ಣಿನ ಮೇಲೆ 57 ಬಂತು ಅನ್ನಿ. ನಡುವಿನ 56 ಹಿಡಿಯಿರಿ. ನಮ್ಮ ಕಡೆಯ ಸೈಜ್‌ಗೆ 40 ಕಳೆದರೆ ಸುಮಾರು 16; ಅಂಗಡಿಯ ಚಾರ್ಟ್ ಒಮ್ಮೆ ನೋಡಿಕೊಳ್ಳಿ. ಉಂಗುರ ಗೆಣ್ಣಿನ ಹತ್ತಿರ ತುಸು ತಡೆದು ಇಳಿಯಬೇಕು. ಸಲೀಸಾಗಿ ಜಾರಿದರೆ ಸೋಪು ಹಚ್ಚಿ ಕೈ ತೊಳೆಯುವಾಗ ಚಿನ್ನ ಸಿಂಕ್ ಪಾಲು! ಗರ್ಭಿಣಿಯರ ಬೆರಳು ಊದಿದ್ದರೆ, ಹೆರಿಗೆಯಾಗಿ ಊತ ಇಳಿದ ಮೇಲೆ ಅಳೆಯೋದೇ ವಾಸಿ.