ಎಷ್ಟು ಸಲವೆಂಬ ಲೆಕ್ಕ

ಕಳೆದ ಕೆಲವು ತಿಂಗಳುಗಳಲ್ಲಿ ನಮಗೆ ಬಂದ ಕಾಗದಗಳ ಪೈಕಿ ಒಂದು ನಮ್ಮನ್ನು ಬಹಳ ಯೋಚನೆಗೆ ಗುರಿಮಾಡಿತು. ಬರೆದವರು 29 ವಯಸ್ಸಿನ ಗೃಹಸ್ಥರು. ಮದುವೆಯಾಗಿ ಎರಡು ವರ್ಷ. ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಹೆಂಡತಿಯೊಡನೆ ಸಮಾಗಮವು ತಿಂಗಳಿಗೆ ನಾಲ್ಕು ಸಲಕ್ಕೆ ಮೀರುವುದಿಲ್ಲವೆಂದೂ, ಜೊತೆಯ ಕೆಲಸಗಾರನೊಬ್ಬನು ತನಗೆ ದಿನವೂ ಉಂಟೆಂದು ಹೇಳಿ ಇವರನ್ನು ಗೇಲಿಮಾಡುವನೆಂದೂ, ಫೋನಿನಲ್ಲಿ ನೋಡಿದ ಚಿತ್ರಗಳಾದರೋ ಆ ಮಿತ್ರನ ಮಾತನ್ನೇ ಸ್ಥಿರಪಡಿಸುವುವೆಂದೂ ಬರೆದಿದ್ದಾರೆ. ‘ನಾನು ಅಶಕ್ತನೆ?’ ಎಂಬುದು ಅವರ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಲಾಡ್ಜಿನಲ್ಲಿ ಕೋಣೆ ಹಿಡಿದು ತಿಂಗಳಿಗೊಮ್ಮೆ ಬರುವ ಒಬ್ಬ ವೈದ್ಯನು, ಸಮಾಗಮವಲ್ಲದೆ ಆಗಾಗ್ಗೆ ಹಸ್ತಮೈಥುನವೂ, ತಿಂಗಳಿಗೊಂದೆರಡು ಸಲ ಸ್ವಪ್ನಸ್ಖಲನವೂ ಇರುವುದನ್ನು ಕೇಳಿ, ಧಾತುವು ಕ್ಷಯಿಸುತ್ತಿದೆಯೆಂದು ಹೆದರಿಸಿ, ನಾಲ್ಕು ತಿಂಗಳಲ್ಲಿ 12,000 ರೂಪಾಯಿಯ ಪುಡಿ ಲೇಹ್ಯಗಳನ್ನು ಮಾರಿದ್ದಾನೆ. ಹೀಗೆ ಒಬ್ಬನೇ ಮನುಷ್ಯನು ಒಂದೇ ತಿಂಗಳಲ್ಲಿ ತನಗೆ ಕಡಮೆಯಾಯಿತೆಂದೂ ಹೆಚ್ಚಾಯಿತೆಂದೂ ಕೊರಗುತ್ತಿದ್ದಾನೆ. ಅಳತೆಗೋಲು ತನ್ನದಲ್ಲದಿದ್ದರೆ ಹೀಗಾಗುವುದು ಸಹಜವೇ.

ಮೊದಲು ‘ಕಡಮೆ’ಯ ಮಾತನ್ನು ನೋಡೋಣ. ಒಂದು ತಿಂಗಳ ರಾತ್ರಿಗಳನ್ನು ಸುಮ್ಮನೆ ಬರೆದು ಕಳುಹಿಸಬೇಕೆಂದು ನಾವು ಅವರನ್ನು ಕೇಳಿಕೊಂಡೆವು. ಮೂವತ್ತು ರಾತ್ರಿಗಳಲ್ಲಿ ಹತ್ತು ರಾತ್ರಿಪಾಳಿಗೆ ಹೋದುವು. ಹೆಂಡತಿಯು ತವರಿನಲ್ಲಿದ್ದುದು ಆರು. ಮುಟ್ಟಿನ ನೋವಿನಿಂದ ಆಕೆಗೆ ವಿಶ್ರಾಂತಿ ಬೇಕಾದುದು ಐದು. ಊರಿಂದ ನೆಂಟರು ಬಂದು ಇರುವ ಒಂದೇ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟುದು ಎರಡು. ಉಳಿದುವು ಏಳು, ಆ ಏಳರಲ್ಲಿ ನಾಲ್ಕು. ಇದನ್ನು ಅಶಕ್ತಿಯೆಂದು ಕರೆಯುವುದಕ್ಕೆ ನಮಗೆ ಯಾವ ಕಾರಣವೂ ಕಾಣಲಿಲ್ಲ. ಅವರ ಸಂಖ್ಯೆಯನ್ನು ನಿರ್ಣಯಿಸಿದುದು ದೇಹವಲ್ಲ. ಪಾಳಿಯ ಪಟ್ಟಿ, ಮನೆಯ ವಿಸ್ತಾರ, ರೈಲಿನ ಟಿಕೆಟ್ಟು.

ಇನ್ನು ಆ ಮಿತ್ರನ ‘ದಿನವೂ’. ಅದೇ ಕಾಗದದ ಮೂರನೆಯ ಪುಟದಲ್ಲಿ, ಆ ಮಿತ್ರನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ ಮೂರು ತಿಂಗಳಾಯಿತೆಂಬ ವಾರ್ತೆಯೂ ಇದೆ. ಬರೆದವರಿಗೆ ಇವೆರಡನ್ನೂ ಕೂಡಿಸಿ ಓದಲು ತೋಚಲಿಲ್ಲ! ಆ ಮಿತ್ರನು ಬೇಕೆಂದೇ ಸುಳ್ಳಾಡಿದನೆಂದು ನಾವು ಹೇಳುವುದಿಲ್ಲ. ಮದುವೆಯಾದ ಮೊದಲ ಪಕ್ಷದಲ್ಲಿ ಅದು ದಿಟವಾಗಿದ್ದಿರಬಹುದು. ಮನುಷ್ಯನು ತನ್ನ ಅತ್ಯಂತ ಸಮೃದ್ಧವಾದ ವಾರವನ್ನು ನೆನಪಿನಲ್ಲಿಟ್ಟುಕೊಂಡು ಅದನ್ನೇ ತನ್ನ ನಿತ್ಯಕ್ರಮವೆಂದು ಹೇಳುವುದು ವಾಡಿಕೆ. ಅಲ್ಲದೆ ಇಂಥ ಗೋಷ್ಠಿಗಳಲ್ಲಿ ಮಾತನಾಡುವವರು ಯಾರು? ತಿಂಗಳಿಗೆರಡು ಸಲವಿದ್ದು ತೃಪ್ತನಾದವನು ಬಾಯಿ ತೆರೆಯುವುದಿಲ್ಲ. ತಿಂಗಳುಗಟ್ಟಲೆ ಏನೂ ಇಲ್ಲದವನಂತೂ ಎದ್ದು ಹೋಗುವನು. ಉಳಿದ ಒಂದಿಬ್ಬರ ಮಾತೇ ಹತ್ತು ಜನರ ಮಾತಿನಂತೆ ಕೇಳಿಸುವುದು.

ಹೆಸರನ್ನು ಬಯಲುಮಾಡದೆ ಸಾವಿರಾರು ಜನರನ್ನು ಕೇಳಿ ಬರೆದುಕೊಂಡಾಗ ಬೇರೊಂದು ಚಿತ್ರವೇ ಕಾಣುವುದು. ಬ್ರಿಟನ್ನಿನಲ್ಲಿ 2010ರಿಂದ 2012ರವರೆಗೆ ನಡೆದ ಅಂಥ ದೊಡ್ಡ ಸಮೀಕ್ಷೆಯೊಂದರಲ್ಲಿ, 16ರಿಂದ 44ರವರೆಗಿನ ವಯಸ್ಸಿನವರ ಮಧ್ಯದ ಸಂಖ್ಯೆಯು ನಾಲ್ಕು ವಾರಗಳಿಗೆ ಮೂರು ಸಲವೆಂದು ತಿಳಿದುಬಂದಿತು. ಮಧ್ಯದ ಸಂಖ್ಯೆಯೆಂದರೆ, ಎಲ್ಲರನ್ನೂ ಕಡಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವನ ಸಂಖ್ಯೆ. ಅಲ್ಲಿಯೇ 1990ರ ಸುಮಾರಿಗೆ ಅದು ಐದಾಗಿತ್ತು. ಪರದೇಶದ ಈ ಅಂಕಿಯನ್ನು ನಾವು ಕೊಟ್ಟುದು ಅದನ್ನು ಅನುಸರಿಸಬೇಕೆಂದಲ್ಲ; ಸಾಲಿನ ನಡುವೆ ನಿಂತವನು ‘ದಿನವೂ’ ಎನ್ನುವವನಿಗೆ ಎಷ್ಟು ದೂರದಲ್ಲಿರುವನೆಂಬುದನ್ನು ತೋರಿಸುವುದಕ್ಕೆ ಮಾತ್ರ. ಒಂದು ತುದಿಯಲ್ಲಿ ಒಮ್ಮೆಯೂ ಇಲ್ಲದವರು, ಇನ್ನೊಂದು ತುದಿಯಲ್ಲಿ ನಿತ್ಯವೂ ಉಳ್ಳವರು; ಆರೋಗ್ಯವಂತರು ಸಾಲಿನ ಉದ್ದಕ್ಕೂ ಇರುವರು.

ಚಿತ್ರಗಳ ಮೋಸವು ಬೇರೆ ಬಗೆಯದು. ಅವು ಹಲವು ಗಂಟೆಗಳ, ಕೆಲವೊಮ್ಮೆ ಹಲವು ದಿನಗಳ ಚಿತ್ರೀಕರಣವನ್ನು ಕತ್ತರಿಸಿ ಜೋಡಿಸಿದುವು. ನಟರು ಅಸಾಮಾನ್ಯರೆಂದೇ ಆರಿಸಲ್ಪಟ್ಟವರು. ಔಷಧಿಗಳ ನೆರವೂ ಉಂಟು. ಮುಖ್ಯವಾಗಿ, ಪುರುಷನ ದೇಹದಲ್ಲಿ ಸ್ಖಲನವಾದ ಮೇಲೆ ಪುನಃ ಉದ್ರೇಕವಾಗದಿರುವ ಒಂದು ವಿರಾಮಕಾಲವುಂಟು. ತಾರುಣ್ಯದಲ್ಲಿ ಅದು ಕೆಲವು ನಿಮಿಷಗಳಿರಬಹುದು. ವಯಸ್ಸು ಏರಿದಂತೆ ಗಂಟೆಗಳಾಗಿ, ಮುಂದೆ ಒಂದು ದಿನ ಅಥವಾ ಅದಕ್ಕೂ ಮೀರಿ ಬೆಳೆಯುವುದು. ಚಿತ್ರದವನು ಈ ವಿರಾಮವನ್ನೇ ಕತ್ತರಿಸಿ ಬಿಸಾಡುತ್ತಾನೆ. ನೋಡುವವನು ತನ್ನ ದೇಹದಲ್ಲಿ ಆ ವಿರಾಮವನ್ನು ಕಂಡು ರೋಗವೆಂದು ಬಗೆಯುತ್ತಾನೆ.

ಈಗ ‘ಹೆಚ್ಚಿ’ನ ಮಾತು. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯವೆಂಬ ಮಾತನ್ನು ನಾವೂ ಬಾಲ್ಯದಿಂದ ಕೇಳಿಬಲ್ಲೆವು. ಧಾತುವೆಂದರೆ ಧರಿಸುವುದು, ಎಂದರೆ ದೇಹವನ್ನು ಹಿಡಿದು ನಿಲ್ಲಿಸುವುದು. ರಸದಿಂದ ಮೊದಲಾದ ಏಳು ಧಾತುಗಳಲ್ಲಿ ಶುಕ್ರವು ಕಡೆಯದೆಂದು ನಮ್ಮ ಪ್ರಾಚೀನರು ಎಣಿಸಿದರು. ಅದರ ನಷ್ಟವು ಸರ್ವನಾಶವೆಂಬ ಭಯವು ಇಲ್ಲಿಂದ ಬೆಳೆಯಿತು. ಈ ಭಯದಿಂದಲೇ ನಿಶ್ಶಕ್ತಿ, ನಿದ್ರಾಭಂಗ, ಎದೆಬಡಿತಗಳಿಂದ ನರಳುವ ತರುಣರನ್ನು ನೋಡಿ, ಭಾರತೀಯ ಮನೋವೈದ್ಯರಾದ ನರೇಂದ್ರನಾಥ ವಿಗ್ ಎಂಬವರು 1960ರಲ್ಲಿ ಆ ಅವಸ್ಥೆಗೆ ‘ಧಾತ್’ ಎಂಬ ಹೆಸರನ್ನೇ ಇಟ್ಟರು. ಅಲ್ಲಿ ರೋಗವನ್ನುಂಟುಮಾಡುವುದು ಸ್ಖಲನವಲ್ಲ, ಸ್ಖಲನದ ಚಿಂತೆ.

ವಾಸ್ತವವಾಗಿ ಒಂದು ಸಲದ ಸ್ಖಲನದಲ್ಲಿ ಹೊರಬರುವ ದ್ರವವು ಸಾಮಾನ್ಯವಾಗಿ 2ರಿಂದ 5 ಮಿಲಿಲೀಟರು. ಚಹದ ಚಮಚವೊಂದನ್ನು ತುಂಬಿದರೆ ಹೆಚ್ಚು. ಅದರಲ್ಲಿ ಬಹುಭಾಗವು ಶುಕ್ರಕೋಶಗಳೂ ಪ್ರಾಸ್ಟೇಟ್ ಗ್ರಂಥಿಯೂ ಸ್ರವಿಸುವ ನೀರು; ವೀರ್ಯಾಣುಗಳ ಪಾಲು ಅತ್ಯಲ್ಪ. ಪ್ರೋಟೀನು ಕಾಲು ಗ್ರಾಮಿಗೆ ಮೀರುವುದು ಅಪರೂಪ. ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಇರುವುದು. ವೀರ್ಯಾಣುವೊಂದು ಸಿದ್ಧವಾಗಲು ಎರಡು ತಿಂಗಳ ಮೇಲೆ ಹಿಡಿಯುವುದು ನಿಜ. ಆದರೆ ಉತ್ಪತ್ತಿಯು ಹಗಲಿರುಳೂ ನಡೆಯುತ್ತಿರುವುದರಿಂದ ಬರಿದಾಗುವ ಕಣಜ ಅದಲ್ಲ. ಹೊರಬಾರದೆ ಉಳಿದವು ದೇಹದಲ್ಲಿಯೇ ಕರಗಿಹೋಗುವುವು. ಸ್ವಪ್ನಸ್ಖಲನವಾಗಲಿ, ಮೈಗೆ ನೋವಾಗದ, ಕೆಲಸ ಕೆಡದ ಹಸ್ತಮೈಥುನವಾಗಲಿ ಶಕ್ತಿಯನ್ನು ಕುಂದಿಸುವುದಿಲ್ಲ.

ಶಾಸ್ತ್ರವು ಬೇರೆ ಹೇಳುವುದಲ್ಲವೆ ಎಂದು ವಾಚಕರು ಕೇಳಬಹುದು. ವಾಗ್ಭಟನ ಅಷ್ಟಾಂಗಹೃದಯವನ್ನು ತೆರೆದು ನೋಡಿದರೆ, ಹಿಮಕಾಲದಲ್ಲಿ ಇಚ್ಛೆಯಿದ್ದಷ್ಟು, ವಸಂತ ಶರತ್ತುಗಳಲ್ಲಿ ಮೂರು ದಿನಕ್ಕೊಮ್ಮೆ, ಮಳೆಗಾಲ ಬೇಸಗೆಗಳಲ್ಲಿ ಪಕ್ಷಕ್ಕೊಮ್ಮೆ ಎಂದಿದೆ. ಋತುಗಳ ಈ ವಿಭಾಗವನ್ನು ಇಂದಿನ ವೈದ್ಯವು ಒಪ್ಪಬೇಕಾಗಿಲ್ಲ. ಆದರೆ ಪ್ರಾಚೀನನೂ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಸಂಖ್ಯೆಯನ್ನು ವಿಧಿಸಲಿಲ್ಲವೆಂಬುದನ್ನು ಗಮನಿಸಬೇಕು. ಲಾಡ್ಜಿನ ವೈದ್ಯನು ಓದಿದ್ದು ಆ ಗ್ರಂಥವಲ್ಲ.

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೆ? ಒಂದು ಸಂದರ್ಭದಲ್ಲಿ ಉಂಟು. ಮಗುವನ್ನು ಬಯಸುವ ದಂಪತಿಗಳಿಗೆ ಅಂಡವು ಬಿಡುಗಡೆಯಾಗುವ ದಿನವೂ ಅದರ ಹಿಂದಿನ ಐದು ದಿನಗಳೂ ಫಲಕಾಲ. ಆಗ ದಿನವೂ ಅಥವಾ ದಿನ ಬಿಟ್ಟು ದಿನ ಕೂಡುವುದು ಸಾಕು. ವೀರ್ಯವನ್ನು ಹೆಚ್ಚು ದಿನ ಕೂಡಿಟ್ಟರೆ ವೀರ್ಯಾಣುಗಳ ಸಂಖ್ಯೆ ಏರಿದರೂ ಚಲನೆ ಕುಗ್ಗುವುದು. ಮಿಕ್ಕ ಕಾಲದಲ್ಲಿ ನೋಡಬೇಕಾದುದು ಸಂಖ್ಯೆಯನ್ನಲ್ಲ, ತನ್ನ ರೂಢಿಯಿಂದ ಆದ ವ್ಯತ್ಯಾಸವನ್ನು. ಇದ್ದ ಇಚ್ಛೆಯು ಹಠಾತ್ತಾಗಿ ಅಡಗಿದರೆ ಮನಸ್ಸಿನ ಖಿನ್ನತೆ, ಥೈರಾಯಿಡ್ಡಿನ ದೋಷ, ಹೊಸದಾಗಿ ಆರಂಭಿಸಿದ ಔಷಧಿ ಕಾರಣವಾಗಿರಬಹುದು. ಉದ್ರೇಕವು ಕೆಲವು ತಿಂಗಳು ಸರಿಯಾಗಿ ಆಗದಿದ್ದರೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ಹೃದಯದ ನಾಳಗಳ ಕಾಯಿಲೆಗೆ ಅದು ಮುನ್ಸೂಚನೆಯಾಗುವುದುಂಟು. ನೋವು, ವೀರ್ಯದಲ್ಲಿ ರಕ್ತ, ಇವು ಕಂಡರೂ ವೈದ್ಯರನ್ನು ಕಾಣಬೇಕು. ಇನ್ನೊಂದು ಕಡೆ, ನಿಲ್ಲಿಸಬೇಕೆಂದು ಮನಸ್ಸಾರೆ ಯತ್ನಿಸಿದರೂ ನಿಲ್ಲಿಸಲಾಗದೆ, ಕೆಲಸ ನಿದ್ರೆ ಸಂಸಾರಗಳು ತಿಂಗಳುಗಟ್ಟಲೆ ಕೆಡುತ್ತಿದ್ದರೆ, ಅದು ವಾರಕ್ಕೆ ಎರಡೇ ಸಲವಾದರೂ ಅತಿಯೇ; ಅದಿಲ್ಲದಿದ್ದರೆ ದಿನವೂ ಆದರೂ ಅತಿಯಲ್ಲ. ಆದರೆ ಹೆಂಡತಿಗೆ ಇಷ್ಟವಿಲ್ಲದ ಒಂದು ಸಲವೂ ಅತಿಯೆಂದು ತಿಳಿಯತಕ್ಕದ್ದು.

ಪುಡಿಗಳನ್ನು ಕೂಡಲೇ ಬಿಡಬೇಕೆಂದು ನಾವು ಆ ಗೃಹಸ್ಥರಿಗೆ ಬರೆದೆವು. ಇಂಥ ಎಷ್ಟೋ ಪುಡಿಗಳಲ್ಲಿ ಉದ್ರೇಕದ ಇಂಗ್ಲಿಷ್ ಔಷಧಿಯಾದ ಸಿಲ್ಡೆನಾಫಿಲ್ಲನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಮತ್ತು ಈ ಎರಡು ವರ್ಷದಲ್ಲಿ ಹೆಂಡತಿಯೊಡನೆ ಈ ವಿಷಯವನ್ನು ಒಮ್ಮೆಯಾದರೂ ಮಾತನಾಡಿದ್ದುಂಟೆ ಎಂದೂ ಕೇಳಿದೆವು.

ಮೊನ್ನೆ ಅವರ ಉತ್ತರ ಬಂದಿತು. ರಾತ್ರಿಪಾಳಿಯಿಲ್ಲದ ದಿನ ನಮ್ಮ ಕಾಗದವನ್ನು ಆಕೆಗೆ ಓದಿ ಹೇಳಿದರಂತೆ. ಗಂಡನ ಮೌನವನ್ನು ನೋಡಿ ತಾನೇ ಅವರಿಗೆ ಬೇಡವಾದೆನೆಂದು ಆಕೆಯೂ ಕೊರಗುತ್ತಿದ್ದಳೆಂಬುದು ಆಗ ತಿಳಿಯಿತು. ಎಲ್ಲವನ್ನೂ ಕೇಳಿದ ಮೇಲೆ ಆಕೆ ಹೇಳಿದ ಮಾತನ್ನು ಅವರು ಹಾಗೆಯೇ ಬರೆದಿದ್ದಾರೆ: “ಕೆಲಸದವರನ್ನು ಕೇಳಿದಿರಿ, ಲಾಡ್ಜಿನವನನ್ನು ಕೇಳಿದಿರಿ, ಕಾಣದ ಊರಿನ ಮೇಷ್ಟರನ್ನೂ ಕೇಳಿದಿರಿ. ಮನೆಯಲ್ಲಿರುವ ನನ್ನನ್ನು ಮಾತ್ರ ಕೇಳಲಿಲ್ಲವಲ್ಲ!”